ಗಿಟ್ಟುವ ಜಾಗ ಯಾವುದು?

ವಿಜಯಪುರ, ಕಲಬುರಗಿ, ಹುಬ್ಬಳ್ಳಿ ಕಡೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಕಿರಾಣಿ ಅಂಗಡಿಗಳಿಗೂ ಕೊಟ್ಟು ಸಂಸಾರ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಮನೆಯ ಒಲೆಯಿಂದ ಶುರುವಾದ ಕೆಲಸ ಬೆಳೆದು ನಾಲ್ಕು ಹಂಚು, ನಾಲ್ಕು ಜನ, ಒಂದು ಬಾಡಿಗೆ ಕೋಣೆ ಅಂತಾದಾಗ ಸಾಲದ ಮಾತು ಬರುತ್ತದೆ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಹಾಯಧನ ಸಿಗುತ್ತದೆ. ಅದಕ್ಕೆ ಬ್ಯಾಂಕು ಪ್ರಾಜೆಕ್ಟ್ ರಿಪೋರ್ಟ್ ಕೇಳುತ್ತದೆ. ಆ ರಿಪೋರ್ಟಿನ ಕೊನೆಯ ಪುಟಗಳಲ್ಲೆಲ್ಲೋ ಬ್ರೇಕ್ ಈವನ್ ಲೆಕ್ಕ ಇರುತ್ತದೆ, ಒಮ್ಮೊಮ್ಮೆ ಅದರ ಚಿತ್ರವೂ ಇರುತ್ತದೆ. ಬರೆದುಕೊಟ್ಟವರಿಗೆ ಅದು ಗೊತ್ತು, ಸಾಲ ಕೊಡುವವರು ಅದನ್ನು ನೋಡುತ್ತಾರೆ. ರೊಟ್ಟಿ ಬಡಿಯುವಾಕೆ ಮಾತ್ರ ಆ ಪುಟದ ಕೆಳಗೆ ಸಹಿ ಹಾಕಿ ಎದ್ದು ಬಂದಿರುತ್ತಾಳೆ.

ಈ ಮಾತುಗಳು ಆ ಪುಟವನ್ನು ಓದುವುದರ ಬಗ್ಗೆ.

ಬ್ರೇಕ್ ಈವನ್ ಅನ್ನುವುದಕ್ಕೆ ಪಠ್ಯಪುಸ್ತಕಗಳು ಉದ್ದುದ್ದ ಹೆಸರು ಕೊಟ್ಟಿವೆ. ವ್ಯಾಪಾರ ಮಾಡುವವರ ಬಾಯಲ್ಲಿ ಮಾತ್ರ ಅದಕ್ಕೆ ಸರಿಹೊಂದುವ ಪದ ಬಹಳ ಹಿಂದಿನಿಂದಲೂ ಇದೆ: ಗಿಟ್ಟುವುದು. ‘ಎಷ್ಟು ರೊಟ್ಟಿ ಮಾರಿದ್ರ ಗಿಟ್ಟತೈತ್ರಿ?’ ಎಂದು ಕೇಳಿದರೆ ಬ್ರೇಕ್ ಈವನ್ ಪ್ರಶ್ನೆಯನ್ನೇ ಕೇಳಿದಂತೆ. ಚಿತ್ರ ಉತ್ತರ ಕೊಡುವುದು ಈ ಪ್ರಶ್ನೆಗೆ.

ಒಂದು ಘಟಕವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬಹುದು. ವಿಜಯಪುರದ ಒಂದು ಓಣಿ, ಅಲ್ಲೊಬ್ಬ ರೊಟ್ಟಿ ಅಕ್ಕ. ಅಂಕಿಗಳು ಲೆಕ್ಕಕ್ಕೆ ಸಲೀಸಾಗಲೆಂದು ಹೊಂದಿಸಿಕೊಂಡವು, ಊರೂರಿಗೆ ಬೇರೆಯಾಗುತ್ತವೆ. ಅಕ್ಕ ಒಂದು ಖಡಕ್ ರೊಟ್ಟಿಯನ್ನು ಅಂಗಡಿಗೆ 7 ರೂಪಾಯಿಗೆ ಕೊಡುತ್ತಾಳೆ. ಕಿಲೋಗೆ 50 ರೂಪಾಯಿ ಬೀಳುವ ಬಿಳಿಜೋಳದ ಹಿಟ್ಟಿನಲ್ಲಿ ತೆಳ್ಳಗಿನ 20 ರೊಟ್ಟಿ ಆಗುತ್ತವೆ. ಅಂದರೆ ರೊಟ್ಟಿಗೆ ಹಿಟ್ಟು ಎರಡೂವರೆ ರೂಪಾಯಿ. ಬಡಿಯುವವರಿಗೆ ಲೆಕ್ಕದ ಮೇಲೆ ರೊಟ್ಟಿಗೆ ಒಂದು ರೂಪಾಯಿ. ಉರುವಲಿಗೆ 50 ಪೈಸೆ, ಕಟ್ಟಿ ಕಳಿಸುವುದಕ್ಕೆ 50 ಪೈಸೆ. ಒಟ್ಟು ನಾಲ್ಕೂವರೆ ರೂಪಾಯಿ.

ಇಷ್ಟನ್ನು ಅಕ್ಕ ಬೆರಳ ಮೇಲೆ ಹೇಳುತ್ತಾಳೆ. ಹೇಳಿ, ‘ಒಂದ್ ರೊಟ್ಟಿಗಿ ಎರಡೂವರಿ ಲಾಭ’ ಅನ್ನುತ್ತಾಳೆ. ಎಡವುವುದು ಇಲ್ಲೇ. ಆ ಎರಡೂವರೆ ರೂಪಾಯಿ ಇನ್ನೂ ಲಾಭವಲ್ಲ. ಅದಕ್ಕಾಗಿ ಕೋಣೆಯ ಮಾಲೀಕ ಕಾಯುತ್ತಿದ್ದಾನೆ, ಬ್ಯಾಂಕು ಕಾಯುತ್ತಿದೆ, ಸೈಕಲ್ ಮೋಟಾರಿನಲ್ಲಿ ರೊಟ್ಟಿ ಮುಟ್ಟಿಸುವ ಹುಡುಗ ತಿಂಗಳ ಪಗಾರಕ್ಕೆ ಕಾಯುತ್ತಿದ್ದಾನೆ.

ಆದ್ದರಿಂದ ಚಿತ್ರ ಬರೆಯುವ ಮೊದಲು ಖರ್ಚನ್ನು ಎರಡು ರಾಶಿ ಮಾಡಬೇಕು. ಅದಕ್ಕೆ ಒಂದೇ ಪ್ರಶ್ನೆ ಸಾಕು: ನಾಳೆಯಿಂದ ಒಂದು ತಿಂಗಳು ಒಂದೂ ರೊಟ್ಟಿ ಬಡಿಯದಿದ್ದರೆ ಈ ಖರ್ಚು ಇರುತ್ತದೋ, ನಿಲ್ಲುತ್ತದೋ? ಹಿಟ್ಟು ನಿಲ್ಲುತ್ತದೆ, ಬಡಿಯುವ ಕೂಲಿ ನಿಲ್ಲುತ್ತದೆ. ಬಾಡಿಗೆ ನಿಲ್ಲುವುದಿಲ್ಲ. ನಿಲ್ಲುವುದು ಬದಲಾಗುವ ಖರ್ಚು, ನಿಲ್ಲದ್ದು ಸ್ಥಿರ ಖರ್ಚು. ಕೆಲವು ಬಾಬತ್ತುಗಳು ಎರಡೂ ಕಡೆ ಕಾಲಿಟ್ಟಿರುತ್ತವೆ. ಕರೆಂಟ್ ಬಿಲ್ಲಿನಲ್ಲಿ ಬಳಸಲಿ ಬಿಡಲಿ ಕಟ್ಟಬೇಕಾದ ಮೊತ್ತವೂ ಇದೆ, ಉರಿಸಿದ ಯೂನಿಟ್ಟಿನ ಮೊತ್ತವೂ ಇದೆ. ಅದನ್ನು ಸೀಳಿ ಎರಡು ಕಡೆ ಬರೆಯಬೇಕು.

ಅಕ್ಕನ ಸ್ಥಿರ ಖರ್ಚು ಹೀಗಿದೆ ಎಂದುಕೊಳ್ಳಬಹುದು. ಬಾಡಿಗೆ 8,000, ಹುಡುಗನ ಪಗಾರ 8,000, ಸಾಲದ ಬಡ್ಡಿ 1,500, ಕರೆಂಟು ಫೋನು ಇತ್ಯಾದಿ 1,500, ಒಲೆ ಹಂಚುಗಳ ಸವಕಳಿ 1,000. ಕೂಡಿದರೆ 20,000. ಇದನ್ನು ಎರಡೂವರೆಯಿಂದ ಭಾಗಿಸಿದರೆ 8,000 ಬರುತ್ತದೆ. ತಿಂಗಳಿಗೆ 8,000 ರೊಟ್ಟಿ ಹೋದರೆ ಗಿಟ್ಟಿತು. ಅಕ್ಕ ಈಗಲೇ 16,000 ಮಾರುತ್ತಿದ್ದಾಳೆ. ಎಲ್ಲ ಸುಸೂತ್ರ ಅನ್ನಿಸುತ್ತದೆ.

ಲೆಕ್ಕ ತಿಳಿದ ನೆಂಟರೊಬ್ಬರು ಈ ಹಾಳೆ ನೋಡಿದರೆ ಮೊದಲು ಕೇಳುವುದು ಇದನ್ನು: ‘ಅಕ್ಕಾರ, ನೀವು ದಿನಾ ನಸುಕಿನ್ಯಾಗ ಎದ್ದು ಬರ್ತೀರಿ, ರಾತ್ರಿ ಲೆಕ್ಕ ಬರೀತೀರಿ. ನಿಮ್ಮ ಪಗಾರ ಇದರಾಗ ಎಲ್ಲೈತ್ರಿ?’

‘ನನ್ನ ಅಂಗಡಿಗೆ ನಾನ್ಯಾಕ ಪಗಾರ ತಗೋಬೇಕು? ಉಳಿದದ್ದೆಲ್ಲಾ ನಂದ ಅಲ್ಲೇನ್ರಿ?’

ಸಣ್ಣ ಉದ್ದಿಮೆಗಳಲ್ಲಿ ಈ ಮಾತು ಎಲ್ಲೆಡೆ ಕೇಳುತ್ತದೆ. ಕೇಳಲು ಸರಿಯಾಗಿಯೇ ಇದೆ, ಲೆಕ್ಕಕ್ಕೆ ಮಾತ್ರ ಸರಿಯಲ್ಲ. ಅಕ್ಕ ಜ್ವರ ಬಂದು ಒಂದು ತಿಂಗಳು ಮಲಗಿದರೆ ಆ ಕೆಲಸಕ್ಕೆ ಇನ್ನೊಬ್ಬರನ್ನು ಇಡಬೇಕು, ಅವರು 15,000 ಕೇಳುತ್ತಾರೆ. ಹಾಗಿದ್ದರೆ ಅಕ್ಕನ ದುಡಿಮೆಯ ಬೆಲೆಯೂ ಅಷ್ಟೇ. ಅದನ್ನು ಸೇರಿಸಿದರೆ ಸ್ಥಿರ ಖರ್ಚು 35,000. ಎರಡೂವರೆಯಿಂದ ಭಾಗಿಸಿದರೆ 14,000 ರೊಟ್ಟಿ. ಒಂದೇ ಸಾಲು ಬರೆದಿದ್ದಕ್ಕೆ ಗಿಟ್ಟುವ ಜಾಗ ಎಂಟು ಸಾವಿರದಿಂದ ಹದಿನಾಲ್ಕು ಸಾವಿರಕ್ಕೆ ಸರಿಯಿತು. ಅಕ್ಕನ ಹಂಚುಗಳಿಗೆ ತಿಂಗಳಿಗೆ ಹೆಚ್ಚೆಂದರೆ 18,000 ರೊಟ್ಟಿಯ ತಾಕತ್ತಿದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬ್ರೇಕ್ ಈವನ್ ಅನ್ನು ಈ ತಾಕತ್ತಿನ ಶೇಕಡಾವಾರಿನಲ್ಲಿ ಬರೆಯುವುದು ರೂಢಿ. ಮಾಲೀಕಳ ಪಗಾರ ಬಿಟ್ಟು ಬರೆದರೆ ಅಲ್ಲಿ ಶೇ 44 ಅಂತ ಕಾಣುತ್ತದೆ, ಸೇರಿಸಿ ಬರೆದರೆ ಶೇ 78. ರಿಪೋರ್ಟಿನಲ್ಲಿ ಆಕರ್ಷಕವಾದ ಸಣ್ಣ ಅಂಕಿ ಕಂಡರೆ ಮೊದಲು ಹುಡುಕಬೇಕಾದ್ದು ಮಾಲೀಕರ ಪಗಾರದ ಸಾಲನ್ನು.

ಈಗ ಚಿತ್ರ. ಚೌಕುಳಿ ಹಾಳೆ, ಸ್ಕೇಲು, ಪೆನ್ಸಿಲು ಇದ್ದರೆ ಆಯಿತು. ಕೆಳಗೆ ಒಂದು ಅಡ್ಡಗೆರೆ: ಅದರ ಮೇಲೆ ಒಂದು ಸೆಂಟಿಮೀಟರಿಗೆ 2,000 ರೊಟ್ಟಿ. ಎಡಗಡೆ ಒಂದು ನೆಟ್ಟನೆ ಗೆರೆ: ಅದರಲ್ಲಿ ಒಂದು ಸೆಂಟಿಮೀಟರಿಗೆ 10,000 ರೂಪಾಯಿ. ಅಡ್ಡಗೆರೆ ಒಂಬತ್ತು ಸೆಂಟಿಮೀಟರಿಗೆ, ಅಂದರೆ 18,000 ರೊಟ್ಟಿಗೆ ಮುಗಿಯಬೇಕು. ಅಲ್ಲಿ ಮೇಲಿನಿಂದ ಕೆಳಗೆ ಒಂದು ಗೋಡೆ ಎಳೆಯಬೇಕು. ಪುಸ್ತಕದ ಚಿತ್ರಗಳಲ್ಲಿ ಈ ಗೋಡೆ ಸಾಮಾನ್ಯವಾಗಿ ಇರುವುದಿಲ್ಲ. ಅಕ್ಕನಿಗೆ ಅದು ಬೇಕೇ ಬೇಕು, ಯಾಕೆಂಬುದು ಮುಂದೆ ತಿಳಿಯುತ್ತದೆ.

ಮಾರಾಟದ ಗೆರೆ ಸೊನ್ನೆಯಿಂದ ಹೊರಡುತ್ತದೆ. ಏನೂ ಮಾರದಿದ್ದರೆ ಏನೂ ಬರುವುದಿಲ್ಲವಲ್ಲ. 18,000 ರೊಟ್ಟಿಗೆ 1,26,000 ರೂಪಾಯಿ, ಅಂದರೆ ಗೋಡೆಯ ಮೇಲೆ 12.6 ಸೆಂಟಿಮೀಟರ್ ಎತ್ತರದ ಚುಕ್ಕೆ. ಸೊನ್ನೆಯಿಂದ ಆ ಚುಕ್ಕೆಗೆ ನೇರ ಗೆರೆ. ಖರ್ಚಿನ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ, 35,000ದಿಂದ ಹೊರಡುತ್ತದೆ. ಎಡಗಡೆ ಮೂರೂವರೆ ಸೆಂಟಿಮೀಟರ್ ಎತ್ತರದಲ್ಲಿ ಒಂದು ಚುಕ್ಕೆ ಇಡಬೇಕು. 18,000 ರೊಟ್ಟಿಗೆ ಒಟ್ಟು ಖರ್ಚು 35,000 ಕೂಡಿಸು 81,000, ಅಂದರೆ 1,16,000. ಗೋಡೆಯ ಮೇಲೆ 11.6ರಲ್ಲಿ ಇನ್ನೊಂದು ಚುಕ್ಕೆ. ಎರಡನ್ನೂ ಕೂಡಿಸಿದರೆ ಖರ್ಚಿನ ಗೆರೆ ಸಿದ್ಧ. ಎರಡು ಗೆರೆಗಳು ಅಡ್ಡ ಏಳು, ಎತ್ತರ 9.8 ಸೆಂಟಿಮೀಟರಿನಲ್ಲಿ ಒಂದನ್ನೊಂದು ದಾಟುತ್ತವೆ. ಅದು 14,000 ರೊಟ್ಟಿ, 98,000 ರೂಪಾಯಿ ವ್ಯಾಪಾರ.

ಹೆಚ್ಚಿನವರು ಚಿತ್ರದಲ್ಲಿ ಆ ಕೂಡುವ ಚುಕ್ಕೆಯೊಂದನ್ನೇ ನೋಡಿ ಮುಚ್ಚಿಡುತ್ತಾರೆ. ಅಷ್ಟಕ್ಕೇ ಆದರೆ ಚಿತ್ರ ಬೇಡವಾಗಿತ್ತು, ಒಂದು ಭಾಗಾಕಾರ ಸಾಕಿತ್ತು. ನೋಡಬೇಕಾದ್ದು ಗೆರೆಗಳ ನಡುವಿನ ಜಾಗವನ್ನು. ಎಡಗಡೆ ಖರ್ಚಿನ ಗೆರೆ ಮೇಲಿದೆ, ಶುರುವಿನಲ್ಲಿ ಸಂದು ಮೂರೂವರೆ ಸೆಂಟಿಮೀಟರ್. ಬಲಗಡೆ ಮಾರಾಟದ ಗೆರೆ ಮೇಲಿದೆ, ಗೋಡೆ ಮುಟ್ಟುವ ಹೊತ್ತಿಗೆ ಸಂದು ಒಂದೇ ಸೆಂಟಿಮೀಟರ್. ನಷ್ಟದ ಹೋಳು ದಪ್ಪ, ಲಾಭದ ಹೋಳು ತೆಳು. ಎಲ್ಲ ಹಂಚುಗಳೂ ತಿಂಗಳಿಡೀ ತುಂಬಿ ಉರಿದರೂ ಅಕ್ಕನಿಗೆ ಪಗಾರದ ಮೇಲೆ ಉಳಿಯುವುದು 10,000. ಈಗಿನ 16,000 ರೊಟ್ಟಿಯ ಹತ್ತಿರ ಸ್ಕೇಲನ್ನು ನಿಲ್ಲಿಸಿ ಅಳೆದರೆ ಸಂದು ಅರ್ಧ ಸೆಂಟಿಮೀಟರ್: 5,000 ರೂಪಾಯಿ. ಕೂಡುವ ಚುಕ್ಕೆಯಿಂದ ಅಕ್ಕ ನಿಂತಿರುವ ಜಾಗಕ್ಕೆ ಇರುವ ದೂರ 2,000 ರೊಟ್ಟಿ. ಎಂಟರಲ್ಲಿ ಒಂದು ಪಾಲು ಗಿರಾಕಿ ಕೈಬಿಟ್ಟರೆ ಮತ್ತೆ ಚುಕ್ಕೆಯ ಮೇಲೆ ಬಂದು ನಿಲ್ಲಬೇಕು.

ಗೆರೆಗಳು ಇಷ್ಟು ಹತ್ತಿರ ಹತ್ತಿರ ಓಡುವ ಚಿತ್ರದಲ್ಲಿ ಸಣ್ಣ ಬದಲಾವಣೆಗೂ ಚುಕ್ಕೆ ಬಹಳ ದೂರ ಜಾರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯವರು ಬಂದು ‘ರೊಟ್ಟಿಗಿ ಎಂಟಾಣೆ ಕಡಿಮಿ ಮಾಡ್ರಿ’ ಅಂದರೆ ಅದು ದಾಕ್ಷಿಣ್ಯಕ್ಕೆ ಒಪ್ಪಿಬಿಡುವಷ್ಟು ಸಣ್ಣದಾಗಿ ಕೇಳುತ್ತದೆ. ಎಲ್ಲರಿಗೂ ಆರೂವರೆಯ ದರ ಮಾಡಿದರೆ ಮಾರಾಟದ ಗೆರೆ ಗೋಡೆ ಮುಟ್ಟುವುದು 12.6ರಲ್ಲಲ್ಲ, 11.7ರಲ್ಲಿ. ಖರ್ಚಿನ ಗೆರೆ 11.6ರಲ್ಲಿದೆ. ಒಂದು ಸೆಂಟಿಮೀಟರ್ ಇದ್ದ ಸಂದು ಒಂದು ಮಿಲಿಮೀಟರಿಗೆ ಇಳಿಯಿತು. ಗಿಟ್ಟುವ ಜಾಗ 17,500 ರೊಟ್ಟಿಗೆ ಹೋಯಿತು. ಒಂದು ರೂಪಾಯಿ ಇಳಿಸಿದರೆ ಗೆರೆಗಳು ಕೂಡುವುದು 23,333 ರೊಟ್ಟಿಯಲ್ಲಿ, ಗೋಡೆಯ ಆಚೆ. ಗೋಡೆ ಎಳೆಯದ ಚಿತ್ರದಲ್ಲಿ ಗೆರೆಗಳು ಎಲ್ಲೋ ಒಂದು ಕಡೆ ಚೆಂದಾಗಿ ಕೂಡಿದಂತೆಯೇ ಕಾಣುತ್ತವೆ. ನಾಲ್ಕು ಹಂಚುಗಳಲ್ಲಿ ಅಷ್ಟು ರೊಟ್ಟಿ ಸುಡಲು ಆಗುವುದಿಲ್ಲ ಎಂಬುದನ್ನು ಗೋಡೆ ಮಾತ್ರ ಹೇಳುತ್ತದೆ.

ಹಾಗಂತ ಖಾನಾವಳಿಯವರನ್ನು ಬರಿಗೈಯಲ್ಲಿ ಕಳಿಸಬೇಕೆಂದಲ್ಲ. ಅವರು ಹೊಸ ಗಿರಾಕಿಯಾಗಿ, ಈಗಿನ 16,000ದ ಮೇಲೆ ಇನ್ನೂ 2,000 ರೊಟ್ಟಿಯನ್ನು 6 ರೂಪಾಯಿಗೆ ಕೇಳಿದರೆ ಲೆಕ್ಕವೇ ಬೇರೆ. ಬಾಡಿಗೆ, ಬಡ್ಡಿ, ಪಗಾರಗಳನ್ನು ಹಳೆಯ ಗಿರಾಕಿಗಳು ಆಗಲೇ ತೀರಿಸಿದ್ದಾರೆ. ಹೊಸ ರೊಟ್ಟಿಗೆ ಬೀಳುವುದು ನಾಲ್ಕೂವರೆ, ಬರುವುದು ಆರು. ಒಂದೂವರೆಯ ಹಾಗೆ 3,000 ರೂಪಾಯಿ ಹೆಚ್ಚು ಉಳಿದು, ಲಾಭ ಐದು ಸಾವಿರದಿಂದ ಎಂಟು ಸಾವಿರಕ್ಕೆ ಏರುತ್ತದೆ. ಚಿತ್ರದಲ್ಲಿ ಮಾರಾಟದ ಗೆರೆ 16,000ದ ಹತ್ತಿರ ಸ್ವಲ್ಪ ಬಾಗುತ್ತದೆ, ಆದರೂ ಖರ್ಚಿನ ಗೆರೆಗಿಂತ ಕಡಿದಾಗಿಯೇ ಏರುತ್ತದೆ. ಅಪಾಯ ಇರುವುದು ಬೇರೆ ಕಡೆ. ಓಣಿಯಲ್ಲಿ ದರದ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ಹಳೆಯ ಅಂಗಡಿಯವರೂ ಆರಕ್ಕೇ ಕೇಳಿದರೆ ಗೆರೆ ಬುಡದಿಂದಲೇ ವಾಲುತ್ತದೆ. ಹೊಸಬರಿಗೆ ರೊಟ್ಟಿಯ ಅಳತೆಯನ್ನೋ ಕಟ್ಟುವ ರೀತಿಯನ್ನೋ ಬೇರೆ ಮಾಡಿ ಕೊಡುವುದು ಆಗ ಜಾಣತನ.

ಮಾರಾಟದ ಗೆರೆಯನ್ನು ನೇರವಾಗಿ ಎಳೆಯುವುದು ಒಂದು ಅನುಕೂಲ, ಅಷ್ಟೇ. ಇಂಥ ಚಿತ್ರದ ಹಿರಿಯಜ್ಜನೆನ್ನಬಹುದಾದ ಒಂದು ಚಿತ್ರದಲ್ಲಿ ಗೆರೆ ನೇರವಾಗಿರಲೇ ಇಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಡಯೋನಿಶಿಯಸ್ ಲಾರ್ಡ್ನರ್ 1850ರಲ್ಲಿ ರೈಲ್ವೆಯ ಅರ್ಥಶಾಸ್ತ್ರದ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ ಅಡ್ಡಗೆರೆಯ ಮೇಲೆ ಸಾಗಣೆಯ ದರವನ್ನಿಟ್ಟು, ವರಮಾನ ಮತ್ತು ಖರ್ಚುಗಳನ್ನು ಎರಡು ಬಾಗುಗೆರೆಗಳಾಗಿ ಬರೆದ. ದರ ಏರಿಸುತ್ತ ಹೋದರೆ ವರಮಾನ ಒಂದು ಹಂತದವರೆಗೆ ಏರಿ, ಜನ ಹತ್ತುವುದು ಕಡಿಮೆಯಾಗಿ ಇಳಿಯುತ್ತದೆ. ಗೆರೆಗಳು ಎರಡು ಕಡೆ ಕೂಡುತ್ತವೆ, ಲಾಭ ಇರುವುದು ಅವೆರಡರ ನಡುವೆ. ರೊಟ್ಟಿಯ ದರವನ್ನು ಹತ್ತಕ್ಕೆ ಏರಿಸಿದರೆ ನೇರಗೆರೆಯ ಚಿತ್ರ ಲಾಭದ ರಾಶಿಯನ್ನೇ ತೋರಿಸುತ್ತದೆ. ಆ ದರಕ್ಕೆ ಎಷ್ಟು ಜನ ಕೊಳ್ಳುತ್ತಾರೆಂಬುದು ಅದಕ್ಕೆ ತಿಳಿಯದು. ಅದನ್ನು ಅಕ್ಕನೇ ಅಂಗಡಿ ಅಂಗಡಿ ಕೇಳಿ ತಿಳಿಯಬೇಕು.

ಖರ್ಚಿನ ಗೆರೆಗೂ ಅದರದೇ ಸುಳ್ಳುಗಳಿವೆ. ಖಡಕ್ ರೊಟ್ಟಿ ಮುರಿಯುತ್ತದೆ. ನೂರು ಬಡಿದಾಗ ತೊಂಬತ್ತೈದು ಮಾತ್ರ ಅಂಗಡಿ ಸೇರಿದರೆ, ಮುರಿದ ಐದರ ಹಿಟ್ಟು, ಕೂಲಿ, ಉರುವಲು ಉಳಿದವುಗಳ ತಲೆಗೆ ಬೀಳುತ್ತವೆ. ಇದೊಂದಕ್ಕೇ ಗಿಟ್ಟುವ ಜಾಗ 15,000 ದಾಟುತ್ತದೆ. ಇದು ಪತ್ತೆಯಾಗುವುದು ಹೀಗೆ: ತಿಂಗಳಲ್ಲಿ ಖರ್ಚಾದ ಹಿಟ್ಟಿನ ಕಿಲೋವನ್ನು ಇಪ್ಪತ್ತರಿಂದ ಗುಣಿಸಿ ಮಾರಿದ ರೊಟ್ಟಿಯ ಜೊತೆ ಹೋಲಿಸಬೇಕು. 16,000 ಮಾರಿದ ತಿಂಗಳಲ್ಲಿ 800 ಕಿಲೋ ಹಿಟ್ಟು ಹೋಗಿರಬೇಕಿತ್ತು, 840 ಹೋಗಿದ್ದರೆ ಉಳಿದ 40 ಕಿಲೋ ಪುಡಿಯಾಗಿ ಹೋಗಿದೆ, ಇಲ್ಲವೇ ರೊಟ್ಟಿ ದಪ್ಪವಾಗಿದೆ. ಆಗ ಚಿತ್ರದ ನಾಲ್ಕೂವರೆಯನ್ನು ತಿದ್ದಿ ಗೆರೆಯನ್ನು ಹೊಸದಾಗಿ ಎಳೆಯಬೇಕು.

ಇನ್ನೊಂದು, ಸ್ಥಿರ ಖರ್ಚು ಸ್ಥಿರವಾಗಿರುವುದು ಗೋಡೆಯವರೆಗೆ ಮಾತ್ರ. ರೊಟ್ಟಿ ಮಶೀನು ತಂದರೆ ಗೋಡೆ ದೂರ ಸರಿಯುತ್ತದೆ, ಜೊತೆಗೆ ಖರ್ಚಿನ ಗೆರೆ ಮೆಟ್ಟಿಲು ಹತ್ತುತ್ತದೆ. ಮಶೀನಿನ ಬಡ್ಡಿ, ಸವಕಳಿ, ನಡೆಸುವವರ ಪಗಾರ ಸೇರಿ ತಿಂಗಳಿಗೆ 19,000 ಹೆಚ್ಚಾಗಿ, ಬಡಿಯುವ ಕೂಲಿಯಲ್ಲಿ ಅರ್ಧ ಉಳಿದು ರೊಟ್ಟಿಗೆ ಬೀಳುವ ಖರ್ಚು 4 ರೂಪಾಯಿಗೆ ಇಳಿಯಿತು ಎನ್ನೋಣ. ಈಗ ರೊಟ್ಟಿಗೆ ಮೂರು ರೂಪಾಯಿ ಮಿಕ್ಕುತ್ತದೆ, ಸ್ಥಿರ ಖರ್ಚು 54,000. ಗಿಟ್ಟುವ ಜಾಗ 18,000. ಕೈಯಲ್ಲಿ ಬಡಿಯುವಾಗ ತಾಕತ್ತಿನ ತುದಿಯಾಗಿದ್ದದ್ದು ಮಶೀನು ಬಂದ ಮೇಲೆ ಲಾಭದ ಮೊದಲ ಮೆಟ್ಟಿಲು. ಈಗಿನ 16,000ವನ್ನೇ ಮಾರುತ್ತ ಕೂತರೆ 5,000 ಲಾಭದ ಜಾಗದಲ್ಲಿ 6,000 ನಷ್ಟ. ಹಂಚುಗಳು ತುಂಬಿ ಉರಿದಾಗ ಸಿಗುತ್ತಿದ್ದ ಹತ್ತು ಸಾವಿರವೇ ಸಿಗಬೇಕಾದರೂ 21,300ಕ್ಕಿಂತ ಹೆಚ್ಚು ರೊಟ್ಟಿ ಹೋಗಬೇಕು. ಮಶೀನು ಮಾರುವವರು ಗಂಟೆಗೆ ಎಷ್ಟು ರೊಟ್ಟಿ ಬರುತ್ತದೆಂದು ಹೇಳುತ್ತಾರೆ. ಅಷ್ಟನ್ನು ಯಾರು ಕೊಳ್ಳುತ್ತಾರೆಂದು ಕೇಳಬೇಕಾದವಳು ಅಕ್ಕ. ಉತ್ತರ ಸಿಕ್ಕ ಮೇಲೆ ಮುಂಗಡ ಕೊಡಬಹುದು.

ಅಕ್ಕನಿಗೆ ಹೆಚ್ಚು ಬೇಸರ ತರುವುದು ಇನ್ನೊಂದು ಗೊಂದಲ. ಚಿತ್ರ 5,000 ಲಾಭ ತೋರಿಸುತ್ತದೆ, ಡಬ್ಬಿಯಲ್ಲಿ ಅಷ್ಟು ಇರುವುದಿಲ್ಲ. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು. ಅಸಲಿನ 4,000 ಖರ್ಚಲ್ಲ, ಪಡೆದದ್ದನ್ನು ಹಿಂದಿರುಗಿಸುವುದು. ಆದರೂ ಕೈಯಿಂದ ಹೋಗುವುದು ದುಡ್ಡೇ. ಸವಕಳಿಯ 1,000 ಇದಕ್ಕೆ ತದ್ವಿರುದ್ಧ, ಖರ್ಚೆಂದು ಬರೆದರೂ ಆ ತಿಂಗಳು ಯಾರಿಗೂ ಕೊಡುವಂಥದ್ದಲ್ಲ. ಹಾಗಾಗಿ ಕೈಯಿಂದ ಹೋಗುವ ದುಡ್ಡಿಗೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ 38,000ದಿಂದ ಇನ್ನೊಂದು ಗೆರೆ ಎಳೆಯುವುದು ಒಳ್ಳೆಯದು. ಅದು ಮಾರಾಟದ ಗೆರೆಯನ್ನು ಕೂಡುವುದು 15,200 ರೊಟ್ಟಿಯಲ್ಲಿ. 16,000 ಮಾರಿದ ತಿಂಗಳು ಡಬ್ಬಿಯಲ್ಲಿ ಉಳಿಯುವುದು 2,000 ಮಾತ್ರ. ಅದೂ ಎಲ್ಲರೂ ಆ ತಿಂಗಳೇ ದುಡ್ಡು ಕೊಟ್ಟರೆ. ಉದ್ರಿ ಎಷ್ಟಿದೆ ಎಂಬುದನ್ನು ಈ ಚಿತ್ರದಲ್ಲಿ ಯಾವ ಗೆರೆಯೂ ತೋರಿಸುವುದಿಲ್ಲ. ಅದಕ್ಕೆ ಉದ್ರಿ ಪುಸ್ತಕವನ್ನೇ ತೆರೆಯಬೇಕು.

ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಹೋಳಿಗೆ ಮಾರತೊಡಗಿದರೆ ಅಡ್ಡಗೆರೆಯ ಮೇಲೆ ರೊಟ್ಟಿ ಎಣಿಸಲಾಗದು, ರೂಪಾಯಿಯನ್ನೇ ಇಡಬೇಕು. ಪ್ರತಿ ಪದಾರ್ಥದಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಎಷ್ಟು ಮಿಕ್ಕುತ್ತದೆಂದು ಮೊದಲು ಬೇರೆ ಬೇರೆ ಬರೆದುಕೊಳ್ಳಬೇಕು.

ದಿನದ ಗಡಿಬಿಡಿಯಲ್ಲಿ ಹಾಳೆ ತೆಗೆದು ನೋಡಲು ಪುರುಸೊತ್ತಿಲ್ಲದವರು ಕೂಡುವ ಚುಕ್ಕೆಯನ್ನು ಗೋಡೆಯ ಕ್ಯಾಲೆಂಡರಿಗೆ ಇಳಿಸಿಕೊಳ್ಳಬಹುದು. 26 ಕೆಲಸದ ದಿನಗಳಲ್ಲಿ 16,000 ಅಂದರೆ ದಿನಕ್ಕೆ ಸುಮಾರು 615 ರೊಟ್ಟಿ. ದಿನದ ಲೆಕ್ಕವನ್ನು ತಾರೀಖಿನ ಕೆಳಗೆ ಕೂಡಿಸುತ್ತ ಬಂದರೆ 14,000 ತುಂಬುವುದು 23ನೇ ಕೆಲಸದ ದಿನ. ಅಲ್ಲಿಗೆ ಕೆಂಪು ಗುರುತು. ಆಮೇಲೆ ಹೋದ ರೊಟ್ಟಿಗೆ ಎರಡೂವರೆಯ ಹಾಗೆ ಮಿಕ್ಕಿದ್ದೇ ಲಾಭ. ಎಳ್ಳಮವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವ ತಿಂಗಳಲ್ಲಿ ರೊಟ್ಟಿ ಹೆಚ್ಚು ಹೋದರೆ ಗುರುತು ಒಂದೆರಡು ದಿನ ಮುಂಚೆಯೇ ಬೀಳಬಹುದು. ಹೊಸ ಜೋಳ ಪೇಟೆಗೆ ಬರುವ ಮುನ್ನ ಹಿಟ್ಟು ಕಿಲೋಗೆ 60ಕ್ಕೆ ಏರಿದರೆ ರೊಟ್ಟಿಗೆ 50 ಪೈಸೆ ಹೆಚ್ಚು ಬೀಳುತ್ತದೆ, ಗಿಟ್ಟುವ ಜಾಗ 17,500ಕ್ಕೆ ಹೋಗುತ್ತದೆ. ದಿನಕ್ಕೆ ಅದೇ 615ರಂತೆ ಹೋಗುತ್ತಿದ್ದರೆ ಅದಕ್ಕೆ 29 ಕೆಲಸದ ದಿನ ಬೇಕು. ಆ ತಿಂಗಳ ಕ್ಯಾಲೆಂಡರಿನಲ್ಲಿ ಕೆಂಪು ಗುರುತಿಗೆ ಜಾಗವೇ ಇರುವುದಿಲ್ಲ. ಅದು ಅಕ್ಕನಿಗೆ ತಿಂಗಳ ಕೊನೆಯಲ್ಲಿ ತಿಳಿಯುವ ಬದಲು ಹಿಟ್ಟಿನ ಹೊಸ ದರ ಕೇಳಿ ಬಂದ ದಿನವೇ ತಿಳಿಯುತ್ತದೆ. ಖಾನಾವಳಿಗಳಿಗೆ ಹೋಗಿ ರೊಟ್ಟಿಗೆ ಎಂಟಾಣೆ ಹೆಚ್ಚು ಕೇಳಲು ಇನ್ನೂ ಪೂರ್ತಿ ತಿಂಗಳು ಕೈಯಲ್ಲಿರುತ್ತದೆ.